ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು? ಕಪ್ಪಾಗುವ ಕಾರಣ, ವಾಸನೆಯ ಮೂಲ, ಚೆಲ್ಲಬೇಕಾದ ಹೊತ್ತು

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಮ್ಮೆ ಕರಿದ ರಿಫೈನ್ಡ್ ಎಣ್ಣೆಯಲ್ಲಿ ಇನ್ನೊಮ್ಮೆ ಕರಿಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಅದಾದ ಮೇಲೆ ಮತ್ತೊಮ್ಮೆ ಕರಿಯಬೇಕೆಂದರೆ ಎಣ್ಣೆಯನ್ನು ಪರೀಕ್ಷಿಸಿ ನೋಡಿಯೇ ಒಲೆಗೆ ಇಡಬೇಕು. ಅಲ್ಲಿಗೆ ಒಟ್ಟು ಮೂರು ಸಲವಾಯಿತು, ಅದರಾಚೆಗೆ ಹೋಗಬಾರದು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಆದಷ್ಟು ಮರುಬಳಕೆ ಬೇಡ, ಮಾಡಲೇಬೇಕಾದರೆ ಮೂರು ಸಲಕ್ಕೆ ಮೀರದಿರಲಿ.

ಆದರೆ ಬರೀ ಸಲಗಳನ್ನು ಎಣಿಸುವುದರಿಂದ ಮೋಸ ಹೋಗುವ ಸಾಧ್ಯತೆಯೇ ಹೆಚ್ಚು. ಹತ್ತು ನಿಮಿಷದಲ್ಲಿ ನಾಲ್ಕು ಹಪ್ಪಳ ಕರಿದದ್ದೂ ಒಂದು ಸಲವೇ, ಹಬ್ಬದ ಹಿಂದಿನ ದಿನ ಮಧ್ಯಾಹ್ನವಿಡೀ ಕಜ್ಜಾಯ ಬೇಯಿಸಿದ್ದೂ ಒಂದು ಸಲವೇ. ಎಣ್ಣೆಯ ಮಟ್ಟಿಗೆ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಎಷ್ಟು ಹೊತ್ತು ಕಾಯಿತು, ಎಷ್ಟು ಕಾಯಿತು, ಅದರೊಳಗೆ ಏನು ಬಿತ್ತು ಎಂಬ ಮೂರು ಸಂಗತಿಗಳ ಮೇಲೆ ಎಣ್ಣೆಯ ಆಯುಸ್ಸು ನಿಂತಿದೆ. ಇದು ಮನಸ್ಸಿಗೆ ಬರಬೇಕಾದರೆ ಬಾಣಲೆಯೊಳಗೆ ಏನಾಗುತ್ತದೆ ಎಂಬುದನ್ನು ಒಂದಿಷ್ಟು ತಿಳಿದುಕೊಳ್ಳಬೇಕು.

ಬಾಣಲೆಯೊಳಗೆ ನಡೆಯುವುದೇನು?

ಅಡುಗೆ ಎಣ್ಣೆಯ ಬಹುಭಾಗ ಟ್ರೈಗ್ಲಿಸರೈಡ್ ಎಂಬ ಅಣುಗಳು. ಒಂದು ಗ್ಲಿಸರಾಲ್ ತುಂಡಿಗೆ ಮೂರು ಕೊಬ್ಬಿನಾಮ್ಲದ ಎಳೆಗಳು ಅಂಟಿಕೊಂಡಿರುವ ರಚನೆ ಅದು. ಕರಿಯುವಾಗ ಇದರ ಮೇಲೆ ನೀರು, ಗಾಳಿ, ಶಾಖ ಮೂರೂ ಒಟ್ಟಿಗೆ ಬೀಳುತ್ತವೆ.

ನೀರು ಬರುವುದು ನಾವು ಕರಿಯುವ ಪದಾರ್ಥದಿಂದಲೇ. ವಡೆಯನ್ನು ಬಿಟ್ಟಾಗ ಚೊರ್ರೆಂದು ಏಳುವ ಗುಳ್ಳೆಗಳೆಲ್ಲ ಹಿಟ್ಟಿನೊಳಗಿನ ನೀರು ಆವಿಯಾಗುತ್ತಿರುವುದರ ಗುರುತು. ಬಿಸಿ ಎಣ್ಣೆಯಲ್ಲಿ ಆ ನೀರು ಟ್ರೈಗ್ಲಿಸರೈಡನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಬಿಡಿಯಾಗಿ ಹೊರಗೆ ಹಾಕುತ್ತದೆ. ಹೀಗೆ ಬಿಡಿಯಾದ ಆಮ್ಲಗಳು ಹೆಚ್ಚಿದಂತೆಲ್ಲ ಎಣ್ಣೆ ಕಡಿಮೆ ಶಾಖದಲ್ಲೇ ಹೊಗೆಯಾಡತೊಡಗುತ್ತದೆ. ಹೊಸ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸುಮಾರು 225 ಡಿಗ್ರಿ ಸೆಲ್ಸಿಯಸ್‌ವರೆಗೆ ಹೊಗೆಯಿಲ್ಲದೆ ತಡೆದುಕೊಳ್ಳುತ್ತದೆ. ಹಳೆಯ ಎಣ್ಣೆಯಲ್ಲಿ ಈ ಮಿತಿ ಇಳಿಯುತ್ತಾ ಬಂದು, ಕೊನೆಗೆ ನಾವು ಕರಿಯುವ 175 ಡಿಗ್ರಿಯ ಆಸುಪಾಸಿನಲ್ಲೇ ಹೊಗೆ ಏಳುತ್ತದೆ. ಆ ಹೊಗೆಯಲ್ಲಿ ಕಣ್ಣು ಉರಿಸುವ, ಗಂಟಲು ಕೆರೆಯುವ ಘಾಟು ಇದೆಯಲ್ಲ, ಅದರಲ್ಲಿ ಅಕ್ರೋಲೀನ್ ಎಂಬ ವಸ್ತುವಿನ ಪಾಲು ದೊಡ್ಡದು. ಗ್ಲಿಸರಾಲ್ ಸುಟ್ಟಾಗ ಹುಟ್ಟುವ ವಸ್ತು ಅದು.

ಎರಡನೆಯದು ಗಾಳಿಯಲ್ಲಿರುವ ಆಮ್ಲಜನಕ. ಇದು ಕೊಬ್ಬಿನಾಮ್ಲದ ಎಳೆಗಳಲ್ಲಿರುವ ಜೋಡಿ ಬಂಧಗಳ ಹತ್ತಿರ ಹೊಕ್ಕು ಪೆರಾಕ್ಸೈಡುಗಳನ್ನು ಹುಟ್ಟಿಸುತ್ತದೆ. ಅವು ಶಾಖಕ್ಕೆ ಒಡೆದು ಆಲ್ಡಿಹೈಡ್‌ಗಳೆಂಬ ಹಗುರ, ವಾಸನೆಯುಳ್ಳ ತುಂಡುಗಳಾಗುತ್ತವೆ. ಇಲ್ಲೊಂದು ಸ್ವಾರಸ್ಯವಿದೆ. ಕರಿದ ತಿಂಡಿಗೆ ನಾವೆಲ್ಲ ಬಾಯಿ ಬಿಡುವ ಆ ಪರಿಮಳವೂ ಇದೇ ಗುಂಪಿನ ಕೆಲವು ಆಲ್ಡಿಹೈಡ್‌ಗಳಿಂದಲೇ ಬರುತ್ತದೆ. ಅಲ್ಪ ಪ್ರಮಾಣದಲ್ಲಿದ್ದಾಗ ಹಿತ, ಹೆಚ್ಚಾದಾಗ ಕಮಟು. ತೀರಾ ಹೊಸ ಎಣ್ಣೆಯಲ್ಲಿ ಬಿಟ್ಟ ಮೊದಲ ಒಬ್ಬೆಯ ತಿಂಡಿ ಪೇಲವವಾಗಿದ್ದು, ಎರಡನೆಯ ಮೂರನೆಯ ಒಬ್ಬೆಗೆ ಒಳ್ಳೆಯ ಬಣ್ಣ ಬರುವುದಕ್ಕೂ ಎಣ್ಣೆ ಸ್ವಲ್ಪ ಒಡೆದಿರುವುದೇ ಕಾರಣ. ಒಡೆದ ಅಣುಗಳು ಎಣ್ಣೆಗೂ ತಿಂಡಿಯ ತೇವಕ್ಕೂ ನಡುವೆ ನಂಟು ಬೆಸೆಯುವುದರಿಂದ ಶಾಖ ಚೆನ್ನಾಗಿ ಮುಟ್ಟುತ್ತದೆ. ಅದೇ ಕ್ರಿಯೆ ಮುಂದುವರಿದಾಗ ತಿಂಡಿ ಬೇಗ ಕಪ್ಪಾಗುತ್ತದೆ, ಒಳಗೆ ಬೇಯುವುದಿಲ್ಲ, ಎಣ್ಣೆ ಕುಡಿಯುತ್ತದೆ.

ಮೂರನೆಯದು ದೀರ್ಘಕಾಲದ ಶಾಖ. ಒಡೆದ ತುಂಡುಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡ ಅಣುಗಳಾಗುತ್ತವೆ. ಎಣ್ಣೆ ಮಂದವಾಗುವುದು, ಬಾಣಲೆಯ ಅಂಚಿನಲ್ಲಿ ಎಷ್ಟು ಉಜ್ಜಿದರೂ ಬಿಡದ ಕಂದು ಜಿಗುಟು ಕೂರುವುದು ಇದರಿಂದಲೇ.

ಹಾಗಾದರೆ ಕಪ್ಪು ಬಣ್ಣ ಎಲ್ಲಿಂದ? ಸ್ವಲ್ಪ ಭಾಗ ಮೇಲೆ ಹೇಳಿದ ಕ್ರಿಯೆಗಳಿಂದ. ಆದರೆ ಮನೆಯ ಎಣ್ಣೆಯಲ್ಲಿ ಬಹುಪಾಲು ಬಣ್ಣ ತಿಂಡಿಯದೇ ಕೊಡುಗೆ. ಹಿಟ್ಟಿನ ಪ್ರೋಟೀನು ಮತ್ತು ಸಕ್ಕರೆ ಶಾಖದಲ್ಲಿ ಸೇರಿ ಕಂದು ವಸ್ತುಗಳಾಗುತ್ತವೆ. ತಿಂಡಿ ಕೆಂಪಗಾಗುವುದೂ ಹೀಗೆಯೇ. ಅವುಗಳಲ್ಲಿ ಒಂದಿಷ್ಟು ಎಣ್ಣೆಗೂ ಇಳಿಯುತ್ತದೆ. ಪೂರಿಗೆ ಹಚ್ಚಿದ ಒಣ ಹಿಟ್ಟು, ಬಜ್ಜಿಯಿಂದ ಉದುರಿದ ಕಡಲೆಹಿಟ್ಟಿನ ಚೂರುಗಳು ತಳದಲ್ಲಿ ಸೀದು ಕರಕಲಾಗುತ್ತವೆ. ಮೆಣಸಿನಪುಡಿ, ಅರಿಸಿನದ ಬಣ್ಣವಂತೂ ಎಣ್ಣೆಯಲ್ಲೇ ಕರಗುವಂಥದ್ದು. ಬೆಲ್ಲದ ಕಜ್ಜಾಯ, ಸಕ್ಕರೆ ಮತ್ತು ಬಾಳೆಹಣ್ಣು ಸೇರಿದ ಮಂಗಳೂರು ಬನ್ಸ್ ಕರಿದ ಎಣ್ಣೆ ಒಂದೇ ದಿನಕ್ಕೆ ಕಾಫಿ ಬಣ್ಣಕ್ಕೆ ತಿರುಗುವುದು ಸಿಹಿ ಸುಟ್ಟಿದ್ದರಿಂದ.

ಹಾಗಾಗಿ ಬಣ್ಣವೊಂದನ್ನೇ ನಂಬಬೇಡಿ. ಮೆಣಸಿನಪುಡಿ ಹಾಕಿದ ಕೋಡುಬಳೆ ಕರಿದು ಕೆಂಪಾದ ಎಣ್ಣೆ ಇನ್ನೂ ಗಟ್ಟಿಮುಟ್ಟಾಗಿರಬಹುದು. ನೋಡಲು ತಿಳಿಯಾಗಿರುವ ಎಣ್ಣೆ ಒಳಗೇ ಹಾಳಾಗಿರಬಹುದು. ಹೋಟೆಲುಗಳಿಗೆ ಕಾನೂನು ಹಾಕಿರುವ ಮಿತಿಯೂ ಬಣ್ಣವನ್ನು ನೋಡುವುದಿಲ್ಲ. ಒಡೆದ ಮತ್ತು ಅಂಟಿಕೊಂಡ ಈ ಎಲ್ಲ ವಸ್ತುಗಳನ್ನು ಒಟ್ಟಾಗಿ ಪೋಲಾರ್ ಸಂಯುಕ್ತಗಳು ಎನ್ನುತ್ತಾರೆ. ಅವು 25 ಶೇಕಡಾ ದಾಟಿದ ಎಣ್ಣೆಯನ್ನು ಬಳಸಕೂಡದು ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಅದನ್ನು ಅಳೆಯಲು ಬಿಸಿ ಎಣ್ಣೆಯಲ್ಲಿ ಅದ್ದುವ ಕೈಯಳತೆಯ ಮೀಟರುಗಳಿವೆ. ಮನೆಯಲ್ಲಿ ನಮಗೆ ಮೂಗು, ಕಣ್ಣು, ಬೆರಳುಗಳೇ ಮೀಟರು.

ಮೊದಲ ಹಂತ: ಎಣ್ಣೆ ಮತ್ತು ಬಾಣಲೆ

ಮರುಬಳಕೆಯ ಯೋಚನೆ ಇದ್ದರೆ ಎಣ್ಣೆಯ ಆಯ್ಕೆಯಿಂದಲೇ ಅದು ಶುರುವಾಗಬೇಕು. ಜೋಡಿ ಬಂಧಗಳು ಹೆಚ್ಚಿರುವ ಲಿನೋಲೆಯಿಕ್ ಆಮ್ಲ ಬೇಗ ಕೆಡುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅದರ ಪಾಲು ಅರ್ಧಕ್ಕಿಂತ ಹೆಚ್ಚು. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ ಇನ್ನೂ ಹೆಚ್ಚು, ಮುಕ್ಕಾಲು ಪಾಲಿನ ಹತ್ತಿರ. ಕುಸುಬೆ ಎಣ್ಣೆ ಒಗ್ಗರಣೆಗೂ ಚಟ್ನಿಪುಡಿಗೂ ಬಲು ರುಚಿ, ಆದರೆ ಮತ್ತೆ ಮತ್ತೆ ಕಾಯಿಸುವುದಕ್ಕೆ ತಕ್ಕದ್ದಲ್ಲ. ಶೇಂಗಾ ಎಣ್ಣೆಯಲ್ಲಿ ಅದು ಸುಮಾರು ಮೂರನೆಯ ಒಂದು ಭಾಗ, ತಾಳೆ ಎಣ್ಣೆಯಲ್ಲಿ ಹತ್ತನೆಯ ಒಂದು ಭಾಗದಷ್ಟು. ಬೀದಿಬದಿಯ ಗಾಡಿಗಳಲ್ಲಿ ತಾಳೆ ಎಣ್ಣೆಯೇ ಓಡುವುದಕ್ಕೆ ಬೆಲೆಯ ಜೊತೆಗೆ ಈ ತಾಳಿಕೆಯೂ ಕಾರಣ. ಹೆಚ್ಚು ತಾಳುತ್ತದೆ ಎಂದ ಮಾತ್ರಕ್ಕೆ ಅದು ಆರೋಗ್ಯಕ್ಕೆ ಮೇಲು ಎಂದಾಗುವುದಿಲ್ಲ, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು.

ಗಾಣದ ಎಣ್ಣೆಯ ವಿಷಯ ಬೇರೆ. ರಿಫೈನ್ ಮಾಡದ ಕಾರಣ ಅದರಲ್ಲಿ ಸೂಕ್ಷ್ಮ ಗಸಿ, ಅಂಟು, ಬಿಡಿ ಆಮ್ಲಗಳು ಮೊದಲೇ ಇರುತ್ತವೆ. ಬೇಗ ಹೊಗೆಯಾಡುತ್ತದೆ, ಬೇಗ ಕಪ್ಪಾಗುತ್ತದೆ. ದುಬಾರಿ ಬೆಲೆ ತೆತ್ತು ತಂದ ಗಾಣದ ಶೇಂಗಾ ಎಣ್ಣೆಯನ್ನು ಒಮ್ಮೆ ಕರಿದ ಮೇಲೆ ಎರಡನೆಯ ಸಲ ಕರಿಯುವುದಕ್ಕಿಂತ ಪಲ್ಯ, ಒಗ್ಗರಣೆಗಳಲ್ಲಿ ಮುಗಿಸುವುದು ಜಾಣತನ. ಕರಾವಳಿಯ ತೆಂಗಿನೆಣ್ಣೆ ಗಾಳಿಗೆ ಅಷ್ಟಾಗಿ ಜಗ್ಗುವುದಿಲ್ಲ, ನೀರಿಗೆ ಜಗ್ಗುತ್ತದೆ. ಅದರಲ್ಲಿ ಹೆಚ್ಚಿರುವ ಲಾರಿಕ್ ಆಮ್ಲ ಬಿಡಿಯಾದಾಗ ಸಾಬೂನಿನಂಥ ರುಚಿ ಬರುತ್ತದೆ. ಬಾಳೆಕಾಯಿ ಚಿಪ್ಸ್ ಮಾಡುವಾಗ ಕುದಿಯುವ ಎಣ್ಣೆಗೇ ಉಪ್ಪುನೀರು ಚಿಮುಕಿಸುವ ಪದ್ಧತಿ ಇದೆಯಲ್ಲ, ಚಿಪ್ಸಿಗೆ ಅದು ಒಳ್ಳೆಯದೇ, ಉಳಿದ ಎಣ್ಣೆಗೆ ಅಲ್ಲ. ಆ ಎಣ್ಣೆಯನ್ನು ಬಹಳ ದಿನ ಇಡಬೇಡಿ.

ಬಾಣಲೆ ಅಗಲವಾದಷ್ಟೂ ಎಣ್ಣೆಗೆ ಗಾಳಿ ಹೆಚ್ಚು ತಾಗುತ್ತದೆ. ಆದ್ದರಿಂದ ಕಡಿಮೆ ಬಾಯಿಯ, ಆಳವಾದ ಬಾಣಲೆ ಆರಿಸಿಕೊಳ್ಳಿ. ಸ್ಟೀಲ್ ಅತ್ಯುತ್ತಮ. ತಾಮ್ರ, ಹಿತ್ತಾಳೆ ಬೇಡ, ತಾಮ್ರದ ಅಂಶ ಎಣ್ಣೆ ಕೆಡುವ ವೇಗವನ್ನು ಹೆಚ್ಚಿಸುತ್ತದೆ. ಚೆನ್ನಾಗಿ ಪಳಗಿದ ಕಬ್ಬಿಣದ ಬಾಣಲೆಯಲ್ಲಿ ಕರಿಯಬಹುದು, ಆದರೆ ರಾತ್ರಿಯಿಡೀ ಎಣ್ಣೆಯನ್ನು ಅದರಲ್ಲೇ ಬಿಡಬಾರದು.

ಎರಡನೆಯ ಹಂತ: ಕರಿಯುವಾಗ

ಶಾಖ 170ರಿಂದ 180 ಡಿಗ್ರಿಯೊಳಗೆ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚೂರು ಹಿಟ್ಟು ಹಾಕಿ ನೋಡಿ. ತಳಕ್ಕೆ ಹೋಗಿ ಒಂದೆರಡು ಕ್ಷಣದಲ್ಲಿ ಗುಳ್ಳೆಯೊಂದಿಗೆ ಮೇಲೆ ಬಂದರೆ ಹದ. ಬಿದ್ದ ತಕ್ಷಣ ಕೆಂಪಾದರೆ ಉರಿ ಹೆಚ್ಚಾಗಿದೆ. ಹೊಗೆ ಕಂಡಮೇಲೆ ತಿಂಡಿ ಬಿಡುವ ಅಭ್ಯಾಸ ಕೆಲವರಿಗಿದೆ, ಅದೊಂದೇ ಅಭ್ಯಾಸ ಎಣ್ಣೆಯ ಆಯುಸ್ಸಿನಲ್ಲಿ ಒಂದು ಸರದಿಯನ್ನು ನುಂಗಿಹಾಕುತ್ತದೆ. ಹಿಟ್ಟು ಕಲಸುವ ಮೊದಲೇ ಎಣ್ಣೆ ಕಾಯಲು ಇಡುವುದೂ ಹಾಗೆಯೇ. ಕೆಲಸವಿಲ್ಲದೆ ಕಾದ ಇಪ್ಪತ್ತು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.

ಆಲೂಗಡ್ಡೆ, ಬಾಳೆಕಾಯಿ, ಮೀನು ಏನೇ ಇರಲಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ ಬಿಡಿ. ಪೂರಿಯ ಮೇಲಿನ ಒಣಹಿಟ್ಟನ್ನು ಕೊಡವಿ, ಅಥವಾ ಲಟ್ಟಿಸುವಾಗ ಹಿಟ್ಟಿನ ಬದಲು ಎಣ್ಣೆ ಸವರಿಕೊಳ್ಳಿ. ಪ್ರತಿ ಒಬ್ಬೆಯ ನಂತರ ಜಾಲರಿ ಸೌಟಿನಿಂದ ಚೂರುಗಳನ್ನು ತೆಗೆಯಿರಿ. ಕೊನೆಯ ವಡೆ ಎತ್ತಿದ ಕೂಡಲೇ ಒಲೆ ಆರಿಸಿ.

ಒಂದೇ ದಿನ ಹಲವು ತಿಂಡಿಗಳಿದ್ದರೆ ಸರದಿ ಮುಖ್ಯ. ಮೊದಲು ಹಪ್ಪಳ, ಸಂಡಿಗೆ. ಆಮೇಲೆ ಪೂರಿ, ಚಕ್ಕುಲಿ. ನಂತರ ಉದ್ದಿನ ವಡೆ, ಬಜ್ಜಿ, ಪಕೋಡ. ಬೆಲ್ಲದ್ದು ಮತ್ತು ಮೀನು ಕಟ್ಟಕಡೆಗೆ. ಮೀನು, ಮಾಂಸ ಕರಿದ ಎಣ್ಣೆಗೆ ಅವುಗಳದೇ ಕೊಬ್ಬು ಇಳಿದಿರುತ್ತದೆ, ಮೀನಿನ ಕೊಬ್ಬಂತೂ ಬಹಳ ಬೇಗ ನಾರುತ್ತದೆ. ಅದನ್ನು ಮತ್ತೆ ಮೀನಿಗೇ ಒಂದು ಸಲ ಬಳಸಿ ಮುಗಿಸಿ, ಇಲ್ಲವೇ ಅಲ್ಲಿಗೇ ಬಿಡಿ.

ಮೂರನೆಯ ಹಂತ: ಸೋಸಿ ಎತ್ತಿಡುವುದು

ಎಣ್ಣೆ ಉಗುರುಬೆಚ್ಚಗಿಂತ ತುಸು ಬಿಸಿಯಾಗಿರುವಾಗಲೇ ಸೋಸಿ. ತೀರಾ ಆರಿದರೆ ಬಟ್ಟೆಯಲ್ಲಿ ಇಳಿಯುವುದಿಲ್ಲ, ಕುದಿ ಬಿಸಿಯಲ್ಲಿ ಕೈ ಸುಡುತ್ತದೆ. ಟೀ ಸೋಸುವ ಜಾಲರಿ ಸಾಲದು. ಅದರ ಮೇಲೆ ಪೂರ್ತಿ ಒಣಗಿದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಹಾಕಿ ಸೋಸಬೇಕು. ತಳದ ಗಸಿಯನ್ನು ಬಗ್ಗಿಸಬೇಡಿ, ಅಲ್ಲಿರುವ ಒಂದೆರಡು ಚಮಚ ಎಣ್ಣೆಗೆ ಆಸೆಪಟ್ಟರೆ ಉಳಿದದ್ದೆಲ್ಲ ಬೇಗ ಕೆಡುತ್ತದೆ. ಆ ಚೂರುಗಳು ಮುಂದಿನ ಸಲ ಮತ್ತೆ ಸೀದು ಬಣ್ಣ, ಕಹಿ ಎರಡನ್ನೂ ಬಿಡುತ್ತವೆ.

ಸೋಸಿದ್ದನ್ನು ಒಣಗಿದ ಸ್ಟೀಲ್ ಡಬ್ಬಿ ಅಥವಾ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ. ಅರ್ಧ ಖಾಲಿ ಡಬ್ಬಿಯಲ್ಲಿ ಉಳಿದರ್ಧ ಗಾಳಿಯೇ. ಒಲೆಯ ಪಕ್ಕದ ಕಟ್ಟೆ, ಬಿಸಿಲು ಬೀಳುವ ಕಿಟಕಿ ಎರಡೂ ತಪ್ಪು ಜಾಗ, ಫ್ರಿಜ್ ಸರಿಯಾದ ಜಾಗ. ಅಲ್ಲಿ ಎಣ್ಣೆ ಮಸುಕಾದರೆ ಗಾಬರಿ ಬೇಡ, ಹೊರಗಿಟ್ಟರೆ ತಿಳಿಯಾಗುತ್ತದೆ. ಒಂದು ಚೀಟಿಯಲ್ಲಿ ತಾರೀಖು, ಏನು ಕರಿದದ್ದು, ಎಷ್ಟು ನಿಮಿಷ ಎಂದು ಬರೆದು ಅಂಟಿಸಿ. ಹೊರಗಿಟ್ಟರೆ ಒಂದೆರಡು ದಿನ, ಫ್ರಿಜ್‌ನಲ್ಲಾದರೆ ವಾರ ಹತ್ತು ದಿನ, ಇದು ನಾನು ಹಾಕಿಕೊಂಡಿರುವ ಗಡುವು.

ಹೊಸ ಎಣ್ಣೆಯ ಕ್ಯಾನಿಗೆ ಹಳೆಯದನ್ನು ಮರಳಿ ಸುರಿಯುವುದು ಅತಿ ಕೆಟ್ಟ ಉಳಿತಾಯ. ಹಳೆಯದರಲ್ಲಿ ಈಗಾಗಲೇ ಹುಟ್ಟಿರುವ ಪೆರಾಕ್ಸೈಡುಗಳು ಹೊಸ ಎಣ್ಣೆಯಲ್ಲೂ ಅದೇ ಸರಪಳಿ ಕ್ರಿಯೆಯನ್ನು ಹೊತ್ತಿಸುತ್ತವೆ. ಕೆಟ್ಟ ಮೊಸರನ್ನು ಹೆಪ್ಪಿಗೆ ಹಾಕಿದಂತೆ ಆಗುತ್ತದೆ.

ನಾಲ್ಕನೆಯ ಹಂತ: ಮತ್ತೆ ಒಲೆಗೆ ಇಡುವ ಮುನ್ನ

ತಣ್ಣಗಿರುವಾಗ ಮೂಸಿ ನೋಡಿ. ಕಳೆದ ಸಲದ ತಿಂಡಿಯ ವಾಸನೆ ಇದ್ದರೆ ಪರವಾಗಿಲ್ಲ. ಹಳೆಯ ಬಣ್ಣದ ಡಬ್ಬಿಯ, ಒದ್ದೆ ರಟ್ಟಿನ ಅಥವಾ ಕಮಟಿದ ಕೊಬ್ಬರಿಯ ವಾಸನೆ ಬಂದರೆ ಅಲ್ಲಿಗೆ ಮುಗಿಯಿತು. ಎರಡು ಬೆರಳಿನ ನಡುವೆ ಒಂದು ಹನಿ ಉಜ್ಜಿ, ಹೊಸ ಎಣ್ಣೆಯ ಹನಿಯನ್ನೂ ಉಜ್ಜಿ ಹೋಲಿಸಿ. ಹಳೆಯದು ಅಂಟಂಟಾಗಿ ಎಳೆದರೆ ಅದೂ ಚೆಲ್ಲುವ ಎಣ್ಣೆಯೇ.

ಇಷ್ಟು ದಾಟಿದರೆ ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಕಾಯಿಸಿ. ಹಿಟ್ಟಿನ ಚೂರು ಮೇಲೇಳುವ ಹದಕ್ಕೆ ಬರುವ ಮೊದಲೇ ಹೊಗೆ ಕಾಣಿಸಿಕೊಂಡರೆ ಒಲೆ ಆರಿಸಿ. ಹೊಗೆ ಬರದಿದ್ದರೆ ಒಂದು ತಿಂಡಿ ಬಿಟ್ಟು ಗುಳ್ಳೆಗಳನ್ನು ಗಮನಿಸಿ. ಒಳ್ಳೆಯ ಎಣ್ಣೆಯಲ್ಲಿ ಗುಳ್ಳೆಗಳು ದಪ್ಪವಾಗಿದ್ದು ಬೇಗ ಒಡೆಯುತ್ತವೆ, ತಿಂಡಿ ಎತ್ತಿದೊಡನೆ ಮೇಲ್ಮೈ ತಿಳಿಯಾಗುತ್ತದೆ. ಕೆಟ್ಟ ಎಣ್ಣೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳ ಹಳದಿ ನೊರೆ ಅಂಚಿನವರೆಗೆ ಏರಿ, ತಿಂಡಿ ಎತ್ತಿದ ಮೇಲೂ ಉಳಿದುಕೊಳ್ಳುತ್ತದೆ. ಈ ನೊರೆಯೇ ಮನೆಯಲ್ಲಿ ಸಿಗುವ ಅತ್ಯಂತ ನಂಬಲರ್ಹ ಗುರುತು. ಅದು ಉಕ್ಕಿ ಒಲೆಯ ಮೇಲೆ ಚೆಲ್ಲಿದರೆ ಬೆಂಕಿ ಹತ್ತುವ ಅಪಾಯವೂ ಇದೆ.

ಇಂಥ ಎಣ್ಣೆಯನ್ನು ಸರಿಪಡಿಸಲು ಹುಣಸೆಹಣ್ಣು, ಶುಂಠಿ, ಆಲೂಗಡ್ಡೆ ಹೋಳು, ಜೋಳದ ಹಿಟ್ಟಿನ ಗಂಜಿ ಎಂದು ನೂರೆಂಟು ಉಪಾಯಗಳು ಓಡಾಡುತ್ತಿರುತ್ತವೆ. ಗಂಜಿ ಹೆಪ್ಪುಗಟ್ಟುವಾಗ ತೇಲುವ ಚೂರುಗಳನ್ನು ಹಿಡಿದುಕೊಳ್ಳುವುದು ನಿಜ, ಎಣ್ಣೆ ತಿಳಿಯಾಗಿ ಕಾಣುತ್ತದೆ. ಆದರೆ ಒಡೆದ ಅಣುಗಳನ್ನು ಮತ್ತೆ ಜೋಡಿಸುವ ಶಕ್ತಿ ಅಡುಗೆಮನೆಯ ಯಾವ ವಸ್ತುವಿಗೂ ಇಲ್ಲ.

ಒಂದು ವಾರದ ಲೆಕ್ಕ

ನಾಲ್ಕು ಜನರ ಮನೆ, ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಎಂದುಕೊಳ್ಳೋಣ. ಭಾನುವಾರ ಬೆಳಿಗ್ಗೆ 600 ಮಿಲಿಲೀಟರ್ ಹಾಕಿ ಇಪ್ಪತ್ತು ಇಪ್ಪತ್ತೈದು ಪೂರಿ ಕರಿದರು. ಕಾಯಲು ಇಟ್ಟದ್ದೂ ಸೇರಿ ಅರ್ಧ ಗಂಟೆ. ಪೂರಿ ಕುಡಿದದ್ದು, ಗಸಿಯಲ್ಲಿ ಹೋದದ್ದು ಕಳೆದು ಸುಮಾರು 470 ಮಿಲಿಲೀಟರ್ ಉಳಿಯಿತು. ಸೋಸಿ ಫ್ರಿಜ್‌ಗೆ ಸೇರಿಸಿದರು. ಗುರುವಾರ ಮಧ್ಯಾಹ್ನ ಹಪ್ಪಳ, ಸಂಡಿಗೆಗೆ ಅದೇ ಎಣ್ಣೆ, ಹತ್ತು ನಿಮಿಷ. ಇಲ್ಲಿ ನೀರೂ ಕಡಿಮೆ, ಹಿಟ್ಟೂ ಕಡಿಮೆ, ಎಣ್ಣೆಗೆ ಅಷ್ಟೇನೂ ಪೆಟ್ಟಾಗಲಿಲ್ಲ. ಶನಿವಾರ ಮಳೆ ಬಂತೆಂದು ಈರುಳ್ಳಿ ಪಕೋಡ, ಇಪ್ಪತ್ತು ನಿಮಿಷ. ಈರುಳ್ಳಿಯ ನೀರು, ಸಿಹಿ, ಕಡಲೆಹಿಟ್ಟಿನ ಚೂರು ಎಲ್ಲ ಸೇರಿ ಎಣ್ಣೆ ಕಂದಾಯಿತು, ಕೊನೆಯ ಒಬ್ಬೆಗೆ ಸ್ವಲ್ಪ ನೊರೆಯೂ ಎದ್ದಿತು. ಒಟ್ಟು ಒಂದು ಗಂಟೆ ಒಲೆಯ ಮೇಲಿದ್ದ ಎಣ್ಣೆ ಇದು, ಇಲ್ಲಿಗೆ ನಿಲ್ಲಿಸಬೇಕು. ನಾನು ಸಲಗಳ ಜೊತೆಗೆ ಈ ಒಂದು ಗಂಟೆಯ ಮಿತಿಯನ್ನೂ ನೋಡುತ್ತೇನೆ, ಯಾವುದು ಮೊದಲು ಮುಟ್ಟುತ್ತದೋ ಅದೇ ಕೊನೆ.

ಇದೇ ಮನೆಯವರು ಭಾನುವಾರವೇ ಪಕೋಡ ಮಾಡಿದ್ದರೆ? ಗುರುವಾರದ ಸಂಡಿಗೆಗೆ ಈರುಳ್ಳಿಯ ವಾಸನೆ, ಕಂದು ಚುಕ್ಕೆ. ಶನಿವಾರದ ಪೂರಿಗೆ ಆ ಎಣ್ಣೆ ಬರುತ್ತಿರಲಿಲ್ಲ. ಮೂರರ ಬದಲು ಎರಡೇ ಸಲಕ್ಕೆ ಕೈಬಿಡಬೇಕಾಗುತ್ತಿತ್ತು.

ಇನ್ನೂ ಒಳ್ಳೆಯ ದಾರಿಯೊಂದಿದೆ. ಭಾನುವಾರ 600ರ ಬದಲು ಚಿಕ್ಕ ಬಾಣಲೆಯಲ್ಲಿ 350 ಮಿಲಿಲೀಟರ್ ಹಾಕಿ ಒಂದೊಂದೇ ಪೂರಿ ಕರಿದಿದ್ದರೆ ಉಳಿಯುತ್ತಿದ್ದದ್ದು ಇನ್ನೂರು ಚಿಲ್ಲರೆ. ಅದನ್ನು ಸೋಸಿ ವಾರದ ಸಾರು, ಪಲ್ಯಗಳ ಒಗ್ಗರಣೆಗೆ ಹಾಕಿ ಮುಗಿಸಬಹುದಿತ್ತು. ಒಗ್ಗರಣೆಯಲ್ಲಿ ಎಣ್ಣೆ ಕಾಯುವುದು ಒಂದೆರಡು ನಿಮಿಷ ಮಾತ್ರ. ಒಮ್ಮೆ ಮಾತ್ರ ಕರಿದ ಎಣ್ಣೆಗೆ ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ. ಮೂರು ಸಲ ಕರಿದದ್ದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಹೋಟೆಲಿನ ದೊಡ್ಡ ಬಾಣಲೆಯಲ್ಲಿ ಇಡೀ ದಿನ ಎಣ್ಣೆ ಕುದಿಯುತ್ತದಲ್ಲ, ಅದು ಹೇಗೆ ತಡೆಯುತ್ತದೆ ಎಂದು ಕೇಳುವವರಿದ್ದಾರೆ. ವ್ಯಾಪಾರ ಜೋರಿದ್ದಲ್ಲಿ ವಡೆ ಪೂರಿಗಳು ಎಣ್ಣೆ ಕುಡಿದು ಒಯ್ಯುತ್ತಲೇ ಇರುತ್ತವೆ, ಹೊಸದು ಬೀಳುತ್ತಲೇ ಇರುತ್ತದೆ. ಜೊತೆಗೆ, ಕಾಯಿಸಿ ಆರಿಸಿ ಮತ್ತೆ ಕಾಯಿಸುವುದು ಎಡೆಬಿಡದೆ ಕಾಯಿಸುವುದಕ್ಕಿಂತ ಎಣ್ಣೆಗೆ ಹೆಚ್ಚು ಹಾನಿ, ಏಕೆಂದರೆ ಆರುವಾಗ ಅದು ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ದಿನವಿಡೀ ಸಣ್ಣ ಉರಿಯಲ್ಲಿ ಸುಮ್ಮನೆ ಕಾಯುವ ಎಣ್ಣೆಗೆ ಈ ಯಾವ ಸಮಾಧಾನವೂ ಇಲ್ಲ.

ಚೆಲ್ಲುವುದು ಹೇಗೆ?

ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿ ಜಿಡ್ಡು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಗಿಡದ ಬುಡಕ್ಕೂ ಬೇಡ, ಮಣ್ಣಿನೊಳಗೆ ನೀರು, ಗಾಳಿ ಇಳಿಯದಂತಾಗುತ್ತದೆ. ಸ್ವಲ್ಪವೇ ಇದ್ದರೆ ಹಳೆಯ ದಿನಪತ್ರಿಕೆ ಅಥವಾ ಮರದ ಹೊಟ್ಟಿಗೆ ಹೀರಿಸಿ, ಪೊಟ್ಟಣ ಕಟ್ಟಿ ಕಸಕ್ಕೆ ಹಾಕಿ. ಹೆಚ್ಚಿದ್ದರೆ ಬಾಟಲಿಯಲ್ಲಿ ಕೂಡಿಡುತ್ತಾ ಹೋಗಿ. ಎಫ್‌ಎಸ್‌ಎಸ್‌ಎಐ 2018ರಲ್ಲಿ ಶುರುಮಾಡಿದ ರುಕೋ ಎಂಬ ಯೋಜನೆಯಡಿ ಬಳಸಿದ ಎಣ್ಣೆಯನ್ನು ಬಯೋಡೀಸೆಲ್ ತಯಾರಿಕೆಗೆ ಒಯ್ಯುವ ಸಂಗ್ರಾಹಕರಿದ್ದಾರೆ. ಅವರು ಮುಖ್ಯವಾಗಿ ಹೋಟೆಲುಗಳಿಂದ ಕೊಳ್ಳುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ಹತ್ತಾರು ಮನೆಯವರು ಸೇರಿ ಒಂದು ಕ್ಯಾನ್ ತುಂಬಿಸಿಟ್ಟರೆ ಅವರನ್ನು ಕರೆಸುವುದು ಸುಲಭ. ಅವರಿಗೆ ಎಣ್ಣೆ ಎಷ್ಟು ಕಪ್ಪಗಿದ್ದರೂ ನಡೆಯುತ್ತದೆ, ನೀರು ಬೆರೆತಿರಬಾರದು.